ರಾಜೀನಾಮೆ ಬರೆಸಿಕೊಂಡು ತೆಗೆದಿದ್ದಾರೆ, ಇಂಟರ್‌ವ್ಯೂನಲ್ಲಿ ಏನು ಹೇಳಲಿ?

ಉದ್ಯಮಬಾಗ್_ಕ್ಯೂಸಿ
ನಮಸ್ಕಾರ. ಬೆಳಗಾವಿ ಉದ್ಯಮಬಾಗ್‌ನ ಒಂದು ಮಷಿನ್ ಶಾಪ್‌ನಲ್ಲಿ ಜುಲೈ 2021ರಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಹೈಡ್ರಾಲಿಕ್ ವಾಲ್ವ್ ಬಾಡಿ ಲೈನ್. ರಫ್ತಿನ ಗಿರಾಕಿ ಆರ್ಡರ್ ನಿಲ್ಲಿಸಿದರು, ಲೈನ್ ಬಂದ್ ಆಯಿತು. ಅಕ್ಟೋಬರ್ 2025ರ ಕೊನೆಗೆ ನಮ್ಮ 14 ಜನರನ್ನು ಆಫೀಸಿಗೆ ಕರೆದು ಒಂದೊಂದು ಹಾಳೆ ಕೊಟ್ಟರು. "ವೈಯಕ್ತಿಕ ಕಾರಣದಿಂದ ರಾಜೀನಾಮೆ ನೀಡುತ್ತಿದ್ದೇನೆ" ಅಂತ ಮೊದಲೇ ಟೈಪ್ ಆಗಿತ್ತು, ಹೆಸರಿನ ಜಾಗ ಮಾತ್ರ ಖಾಲಿ. ಸಹಿ ಹಾಕಿದರೆ ಒಂದು ತಿಂಗಳ ಪಗಾರ ಜಾಸ್ತಿ, ರಿಲೀವಿಂಗ್ ಲೆಟರ್ ಅವತ್ತೇ ಕೈಗೆ. ಎಲ್ಲರೂ ಹಾಕಿದರು, ನಾನೂ ಹಾಕಿದೆ.

ಈಗ ಹುಬ್ಬಳ್ಳಿಯ ಒಂದು ಕಂಪನಿಯಿಂದ ಕರೆ ಬಂದಿದೆ. ಪುಣೆಯಲ್ಲೂ ಒಂದು ಕಡೆ ಹಾಕಿದ್ದೇನೆ. ಲೆಟರ್‌ನಲ್ಲಿ ರಾಜೀನಾಮೆ ಅಂತಿದೆ, ನಿಜ ಬೇರೆ ಇದೆ. ರಾಜೀನಾಮೆ ಅಂದರೆ "ಯಾಕೆ ಬಿಟ್ಟೆ" ಅಂತಾರೆ. ತೆಗೆದರು ಅಂದರೆ "ಲೆಟರ್‌ನಲ್ಲಿ ಹಾಗಿಲ್ಲವಲ್ಲ" ಅಂತಾರೆ. ರೆಸ್ಯೂಮ್‌ನಲ್ಲಿ ಏನು ಬರೆಯಲಿ?

ಖಾನಾಪುರ_ರೋಡ್
ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಕಾಗದ ಏನು ಹೇಳುತ್ತೋ ಅದೇ ನಿಮ್ಮ ಮಾತು. ರಾಜೀನಾಮೆ ಕೊಟ್ಟೆ, ಇನ್ನೂ ಒಳ್ಳೆ ಕೆಲಸ ಬೇಕಿತ್ತು. ಮುಗೀತು.

ಗೋಕಾಕ_ಕರದಂಟು
ಇನ್ನೂ ಸುಲಭ ದಾರಿ ಹೇಳಲಾ? ರೆಸ್ಯೂಮ್‌ನಲ್ಲಿ "ಜುಲೈ 2021ರಿಂದ ಇಲ್ಲಿಯವರೆಗೆ" ಅಂತ ಹಾಕು. ಕೆಲಸದಲ್ಲಿ ಇರುವವನಿಗೆ ಬೆಲೆ ಜಾಸ್ತಿ. ಪಿಎಫ್ ಪಾಸ್‌ಬುಕ್ ನಿನ್ನ ಮೊಬೈಲ್‌ಗೆ ಓಟಿಪಿ ಬಂದರೆ ಮಾತ್ರ ತೆರೆಯುತ್ತದೆ, ಅವರಿಗೆ ಏನು ಗೊತ್ತಾಗುತ್ತದೆ?

ಸಾವಿತ್ರಿ_ಬಾಗಲಕೋಟೆ
ಕರದಂಟು ಅಣ್ಣಾ, ಓಟಿಪಿ ಮಾತು ಅರ್ಧ ಸರಿ. ಉಳಿದರ್ಧದಲ್ಲಿ ಹುಡುಗನ ಕೆಲಸ ಹೋಗುತ್ತದೆ.

ನಾನು ಹತ್ತಾರು ವರ್ಷದಿಂದ ಕಾರ್ಖಾನೆಗಳ ಎಚ್‌ಆರ್‌ನಲ್ಲೇ ಇದ್ದೇನೆ, ಈಗ ಪುಣೆಯಲ್ಲಿ. ಪಾಸ್‌ಬುಕ್ ಒಳಗಿನ ಹಣ ನಮಗೆ ಕಾಣುವುದಿಲ್ಲ, ನಿಜ. ಆದರೆ ಸೇರುವಾಗ ನಿಮ್ಮ ಪಿಎಫ್ ನಂಬರ್, ಅಂದರೆ ಯುಎಎನ್ ಕೊಡಲೇಬೇಕು. ಪಿಎಫ್‌ನ ಫಾರ್ಮ್ 11ರಲ್ಲಿ ಹಿಂದಿನ ಕಂಪನಿ ಬಿಟ್ಟ ದಿನ ಬರೆದು ಸಹಿ ಹಾಕಬೇಕು. ಪರಿಶೀಲನೆ ಮಾಡುವ ಏಜೆನ್ಸಿಯವರು ಎಷ್ಟೋ ಸಲ ಪಿಎಫ್ ಪೋರ್ಟಲ್‌ನ ಸರ್ವೀಸ್ ಹಿಸ್ಟರಿ ಪುಟವನ್ನೇ ಕೇಳುತ್ತಾರೆ, ಅಭ್ಯರ್ಥಿ ತಾನೇ ತೆರೆದು ಕೊಡಬೇಕು. ಅದರಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ. ಜೊತೆಗೆ ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಕೇಳಿದರೆ ನವೆಂಬರ್ ಸ್ಲಿಪ್ ಎಲ್ಲಿಂದ ತರುತ್ತೀರಿ? ತೆಗೆದಿದ್ದಾರೆ ಅಂತ ನಾವು ಯಾರನ್ನೂ ಸುಮ್ನೆ ತಿರಸ್ಕರಿಸುವುದಿಲ್ಲ. ತಾರೀಖು ಸುಳ್ಳು ಅಂತ ಗೊತ್ತಾದರೆ ಮಾತ್ರ ಕಣ್ಣುಮುಚ್ಚಿ ಫೈಲ್ ಪಕ್ಕಕ್ಕಿಡುತ್ತೇವೆ.

ಕ್ಯೂಸಿ ತಮ್ಮಾ, ನಿನ್ನದಕ್ಕೆ ಸಂಜೆ ಕೂತು ಬರೆಯುತ್ತೇನೆ.

ಗೋಳಗುಮ್ಮಟ_ವಿಜಯಪುರ
ಪಿಎಫ್ ಮಾತು ಬಂತು ಅಂತ ಕೇಳುತ್ತೇನೆ. ನನ್ನ ಸರ್ವೀಸ್ ಹಿಸ್ಟರಿಯಲ್ಲಿ ಕಾರಣದ ಕಡೆ `CESSATION (SHORT SERVICE)` ಅಂತ ಬಂದಿದೆ. ನಾನು ನಿಜವಾಗಿಯೂ ರಾಜೀನಾಮೆ ಕೊಟ್ಟಿದ್ದೆ. ಕಂಪನಿಯವರು ತೆಗೆದುಹಾಕಿದ ಹಾಗೆ ತೋರಿಸಿದ್ದಾರಾ? ಎರಡು ದಿನದಿಂದ ನಿದ್ದೆ ಇಲ್ಲ.

ಸಾವಿತ್ರಿ_ಬಾಗಲಕೋಟೆ
ಇಲ್ಲರೀ, ಮಲಗಿ. ಬಿಟ್ಟವರಿಗೂ ಅದೇ, ತೆಗೆದವರಿಗೂ ಅದೇ. ಅಲ್ಲಿರುವ ಬೇರೆ ಆಯ್ಕೆಗಳು ನಿವೃತ್ತಿ, ಮರಣ, ಶಾಶ್ವತ ಅಂಗವೈಕಲ್ಯ, ಇಂಥವು. ಉಳಿದವರೆಲ್ಲ ಆ ಒಂದೇ ಸಾಲಿಗೆ ಬರುತ್ತಾರೆ. ಅದನ್ನು ನೋಡಿ ಯಾರೂ ನಿಮ್ಮ ಬಗ್ಗೆ ಏನೂ ತೀರ್ಮಾನ ಮಾಡಲಾರರು.

ಕಾನೂನು_ಕಟ್ಟೆ
ಎಲ್ಲರೂ ತಪ್ಪು ಪ್ರಶ್ನೆಗೆ ಉತ್ತರ ಕೊಡುತ್ತಿದ್ದೀರಿ. ಇದು ರಾಜೀನಾಮೆಯೇ ಅಲ್ಲ, ರಿಟ್ರೆಂಚ್‌ಮೆಂಟ್. ವರ್ಷಕ್ಕಿಂತ ಜಾಸ್ತಿ ದುಡಿದ ಕಾರ್ಮಿಕನನ್ನು ಹೀಗೆ ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಪಗಾರ ಕೊಡಬೇಕು. ಅದರ ಮೇಲೆ, ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಪಗಾರ ಪರಿಹಾರ. ನಿಮ್ಮನ್ನು ತೆಗೆದಾಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಅದನ್ನೇ ಹೇಳುತ್ತಿತ್ತು. ನಾಲ್ಕು ವರ್ಷಕ್ಕೆ 60 ದಿನದ್ದು ಆಯಿತು. ಅದನ್ನು ಉಳಿಸಿಕೊಳ್ಳಲಿಕ್ಕೇ ರಾಜೀನಾಮೆ ಬರೆಸಿಕೊಂಡಿದ್ದಾರೆ. ಮೊದಲು ಲೇಬರ್ ಆಫೀಸರ್ ಹತ್ತಿರ ಹೋಗಿ.

ಉದ್ಯಮಬಾಗ್_ಕ್ಯೂಸಿ
ಸರ್, ಅದು ಗೊತ್ತಾಯಿತು, ಥ್ಯಾಂಕ್ಸ್. ಆದರೆ ಗುರುವಾರ ಇಂಟರ್‌ವ್ಯೂ ಇದೆ. ಅಲ್ಲಿ ಏನು ಹೇಳಲಿ ಅನ್ನುವುದು ಮೊದಲು.

ಖಾನಾಪುರ_ರೋಡ್
ಕೇಸ್ ಹಾಕಿದರೆ ಉದ್ಯಮಬಾಗ್‌ನಲ್ಲಿ ಇನ್ನೊಂದು ಗೇಟ್ ತೆರೆಯಲ್ಲ, ನೆನಪಿಟ್ಟುಕೊಳ್ಳಿ.

ಕಾನೂನು_ಕಟ್ಟೆ
ಇದೇ ಹೆದರಿಕೆ ಮೇಲೆ ಅವರ ಅಂಗಡಿ ನಡೀತಿದೆ.

ಸಾವಿತ್ರಿ_ಬಾಗಲಕೋಟೆ
ಬಂದೆ. ಉದ್ದ ಆಗುತ್ತದೆ, ಸೈರಿಸಿಕೊಳ್ಳಿ.

ಮೊದಲು ರೆಸ್ಯೂಮ್. ಅಲ್ಲಿ ಬಿಟ್ಟ ಕಾರಣ ಬರೆಯುವ ಪದ್ಧತಿಯೇ ಇಲ್ಲ. "ಕ್ವಾಲಿಟಿ ಇನ್‌ಸ್ಪೆಕ್ಟರ್, ಜುಲೈ 2021 – ಅಕ್ಟೋಬರ್ 2025" ಅಂತ ತಿಂಗಳು ಸಮೇತ ಹಾಕು. ಬರೀ "2021–2025" ಅಂತ ಹಾಕಿದರೆ ಏನೋ ಮುಚ್ಚುತ್ತಿದ್ದಾನೆ ಅಂತ ನಾವೇ ಲೆಕ್ಕ ಹಾಕುತ್ತೇವೆ. ಲೈನ್ ಮುಚ್ಚಿದ್ದಕ್ಕೆ ಕೆಲಸ ಹೋಗಿದ್ದರೆ ಆ ಕೆಲಸದ ಕೊನೆಗೆ "ರಫ್ತು ಆರ್ಡರ್ ನಿಂತು ವಾಲ್ವ್ ಬಾಡಿ ಲೈನ್ ಮುಚ್ಚುವವರೆಗೆ" ಅಂತ ಕೆಲವು ಪದ ಸೇರಿಸಬಹುದು. ನಾನಾಗಿದ್ದರೆ ಸೇರಿಸುತ್ತಿದ್ದೆ, ಯಾಕಂದರೆ ಫೋನ್ ಮಾಡುವ ಮೊದಲೇ ಪ್ರಶ್ನೆ ಅರ್ಧ ಕಮ್ಮಿಯಾಗುತ್ತದೆ. ನಿನ್ನ ಜಾಬ್ ಪೋರ್ಟಲ್ ಪ್ರೊಫೈಲ್‌ನಲ್ಲೂ ಅದೇ ತಾರೀಖು ಇರಲಿ. ಎಷ್ಟೋ ಜನ ರೆಸ್ಯೂಮ್ ತಿದ್ದುತ್ತಾರೆ, ಪೋರ್ಟಲ್‌ನಲ್ಲಿ ಇನ್ನೂ ಹಳೇ ಕಂಪನಿಯಲ್ಲೇ ಇರುತ್ತಾರೆ.

ಆಮೇಲೆ ಅಪ್ಲಿಕೇಶನ್ ಫಾರ್ಮ್. ಇದು ರೆಸ್ಯೂಮ್ ಅಲ್ಲ. ಕೆಳಗೆ "ಮೇಲಿನ ಮಾಹಿತಿ ಸುಳ್ಳಾದರೆ ಕೆಲಸದಿಂದ ತೆಗೆಯಬಹುದು" ಅಂತ ಇರುತ್ತದೆ, ನೀನು ಸಹಿ ಹಾಕುತ್ತೀಯ. ಪ್ರಶ್ನೆಯನ್ನು ಪೂರ್ತಿ ಓದು. ಕೆಲವು ಫಾರ್ಮ್‌ನಲ್ಲಿ "ನಿಮ್ಮನ್ನು ಎಂದಾದರೂ ವಜಾ ಮಾಡಿದ್ದಾರೆಯೇ" ಅಂತಷ್ಟೇ ಇರುತ್ತದೆ. ನಿನ್ನ ವಿಷಯದಲ್ಲಿ ಅದಕ್ಕೆ "ಇಲ್ಲ" ಸರಿ. ಕೆಲವದರಲ್ಲಿ "ವಜಾ ಮಾಡಿದ್ದಾರೆಯೇ ಅಥವಾ ರಾಜೀನಾಮೆ ಕೊಡಲು ಹೇಳಿದ್ದಾರೆಯೇ" ಅಂತಿರುತ್ತದೆ. ಅಲ್ಲಿ "ಹೌದು" ಅನ್ನಲೇಬೇಕು, ಪಕ್ಕದಲ್ಲಿ "ಲೈನ್ ಮುಚ್ಚಿದ್ದರಿಂದ 14 ಜನರಿಗೆ" ಅಂತ ಬರೆ. ಕಾರಣದ ಕಾಲಂನಲ್ಲಿ "ವೈಯಕ್ತಿಕ" ಅಂತ ಬರೆಯಲೇಬೇಡ.

ಖಾನಾಪುರ_ರೋಡ್
ಯಾಕೆ? ಲೆಟರ್‌ನಲ್ಲೇ ವೈಯಕ್ತಿಕ ಅಂತಿದೆಯಲ್ಲ ಮೇಡಂ. ಲೆಟರ್ ಒಂದು, ಫಾರ್ಮ್ ಇನ್ನೊಂದು ಹೇಳಿದರೆ ಅದೇ ಅಲ್ವಾ ಹೊಂದಿಕೆ ಆಗದಿರುವುದು?

ಸಾವಿತ್ರಿ_ಬಾಗಲಕೋಟೆ
ಒಳ್ಳೆ ಪ್ರಶ್ನೆ. ಇವನು ಎರಡೂ ಒಪ್ಪುವ ಒಂದು ಮಾತು ಹೇಳಬೇಕು, ಅದೂ ನಿಜವೇ ಆಗಿರಬೇಕು. ಹೀಗೆ.

"ರಫ್ತು ಗಿರಾಕಿ ಆರ್ಡರ್ ನಿಲ್ಲಿಸಿದ್ದರಿಂದ ನಮ್ಮ ಲೈನ್ ಮುಚ್ಚಿತು. ಲೈನ್‌ನ 14 ಜನರಿಂದ ಕಂಪನಿ ರಾಜೀನಾಮೆ ತೆಗೆದುಕೊಂಡಿತು, ಹಾಗಾಗಿ ನನ್ನ ರಿಲೀವಿಂಗ್ ಲೆಟರ್‌ನಲ್ಲಿ ರಾಜೀನಾಮೆ ಅಂತಿದೆ."

ನೋಡಿ, ನಾವು ಹಳೇ ಕಂಪನಿಗೆ ಮೇಲ್ ಹಾಕಿದರೆ ಅವರು "ರಾಜೀನಾಮೆ" ಅಂತಾರೆ. ಹೊಂದುತ್ತದೆ. ಇವನ ಸೂಪರ್‌ವೈಸರ್‌ಗೆ ಫೋನ್ ಮಾಡಿದರೆ "ಲೈನ್ ಬಂದ್ ಆಯಿತು ಸರ್" ಅಂತಾರೆ. ಅದೂ ಹೊಂದುತ್ತದೆ. ಖಾನಾಪುರ ಅಣ್ಣ ಹೇಳಿದ "ಇನ್ನೂ ಒಳ್ಳೆ ಕೆಲಸ ಬೇಕಿತ್ತು" ಎರಡನೇ ಫೋನ್‌ಗೇ ಬೀಳುತ್ತದೆ. ಫೋನ್ ಮಾಡದಿದ್ದರೂ ನಾನು ಕೇಳುವ ಮುಂದಿನ ಪ್ರಶ್ನೆ, "ಕೈಯಲ್ಲಿ ಇನ್ನೊಂದು ಕೆಲಸ ಇಲ್ಲದೇ ಯಾಕೆ ಬಿಟ್ಟಿರಿ?" ವೈಯಕ್ತಿಕ ಅಂದರೆ, "ಆ ಸಮಸ್ಯೆ ಮುಗೀತಾ, ಇಲ್ಲಿ ಮತ್ತೆ ಬರುತ್ತದಾ?" ಒಂದು ಸುಳ್ಳಿಗೆ ಅಜ್ಜಿಯ ಕಾಯಿಲೆ ಹುಟ್ಟುತ್ತದೆ, ಅಲ್ಲಿಂದ ಆಸ್ಪತ್ರೆಯ ಹೆಸರು ಹುಟ್ಟುತ್ತದೆ.

ಗೋಕಾಕ_ಕರದಂಟು
ಹ್ಹಹ್ಹ, ನಮ್ಮ ಕಂಪನಿಯಲ್ಲಿ ಒಬ್ಬನ ಅಜ್ಜಿ ಮೂರು ಸಲ ತೀರಿಹೋಗಿದ್ದರು.

ಹಂಗಾಮು_ಜಮಖಂಡಿ
ನಮ್ಮದು ಬೇರೆ ಥರದ ಕಷ್ಟ. ಸಕ್ಕರೆ ಕಾರ್ಖಾನೆ ಲ್ಯಾಬ್‌ನಲ್ಲಿ ಕೆಮಿಸ್ಟ್. ಕಬ್ಬು ನುರಿಸುವ ಹಂಗಾಮು ಮುಗಿದರೆ ಮನೆಗೆ, ಮತ್ತೆ ದೀಪಾವಳಿ ಹೊತ್ತಿಗೆ ಕರೆ. ರೆಸ್ಯೂಮ್‌ನಲ್ಲಿ ಪ್ರತಿ ವರ್ಷ ಬೇರೆ ಬೇರೆ ಹಾಕಿದ್ದೆ. ಬೆಂಗಳೂರಿನ ಒಬ್ಬರು ನೋಡಿ "ನಿಮ್ಮನ್ನು ಪ್ರತಿ ಏಪ್ರಿಲ್‌ನಲ್ಲಿ ತೆಗೆದುಹಾಕುತ್ತಾರಾ?" ಅಂತ ಕೇಳಿದರು.

ಸಾವಿತ್ರಿ_ಬಾಗಲಕೋಟೆ
ಅಯ್ಯೋ. ಒಂದೇ ಕಾರ್ಖಾನೆ ಆದರೆ ಒಂದೇ ಕಡೆ ಬರೆಯಿರಿ. "ಲ್ಯಾಬ್ ಕೆಮಿಸ್ಟ್ (ಹಂಗಾಮಿನ ನೌಕರಿ), ಹಂಗಾಮು 2020–21ರಿಂದ 2024–25". ಹಂಗಾಮು ಅನ್ನುವುದು ಆ ಉದ್ಯಮದ ರೀತಿ, ನಿಮ್ಮ ದೋಷ ಅಲ್ಲ. ಪ್ರತಿ ಸಲ ಮತ್ತೆ ಕರೆದಿದ್ದಾರೆ ಅಂದರೆ ಅದೇ ನಿಮ್ಮ ಸರ್ಟಿಫಿಕೇಟ್. ಮುಧೋಳ, ಜಮಖಂಡಿಯ ಯಾರಿಗೂ ವಿವರಿಸಬೇಕಿಲ್ಲ, ಬೆಂಗಳೂರಿನವರಿಗೆ ಒಂದು ಸಾಲು ಬೇಕು.

ಮಚ್ಛೆ_ನೈಟ್‌ಶಿಫ್ಟ್
ಅಕ್ಕಾ, ನೀವು ಹೇಳುವುದೆಲ್ಲ ಲೈನ್ ಮುಚ್ಚಿದವರಿಗೆ ಸರಿ. ನನ್ನನ್ನು ನಿಜವಾಗಿಯೇ ತೆಗೆದಿದ್ದಾರೆ. ಏಳು ತಿಂಗಳ ಕೆಲಸ, ತಂಗಿ ಮದುವೆಗೆ ರಜೆ ಕೇಳಿದ್ದೆ, ಕೊಡಲಿಲ್ಲ, ಹೋದೆ. ವಾಪಸ್ ಬಂದಾಗ ಗೇಟ್‌ನಲ್ಲೇ ಲೆಟರ್. "ಅನುಮತಿ ಇಲ್ಲದ ಗೈರುಹಾಜರಿ" ಅಂತ ಬರೆದಿದ್ದಾರೆ. ಆ ಏಳು ತಿಂಗಳನ್ನು ರೆಸ್ಯೂಮ್‌ನಿಂದ ತೆಗೆದೇ ಬಿಡಲಾ?

ಗೋಕಾಕ_ಕರದಂಟು
ತೆಗಿ. ಏಳು ತಿಂಗಳು ಯಾರ ಲೆಕ್ಕ?

ಸಾವಿತ್ರಿ_ಬಾಗಲಕೋಟೆ
ರೆಸ್ಯೂಮ್‌ನಿಂದ ಬಿಡುವುದು ಅಪರಾಧ ಅಲ್ಲ, ಅದು ನೀನು ಆರಿಸಿ ಬರೆಯುವ ಕಾಗದ. ಆದರೆ ಫಾರ್ಮ್‌ನಲ್ಲಿ "ಹಿಂದಿನ ಎಲ್ಲ ನೌಕರಿಗಳು" ಅಂತ ಕೇಳಿದರೆ ಬಿಡುವ ಹಾಗಿಲ್ಲ. ಪಿಎಫ್ ಕಟ್ಟಿದ್ದರೆ ಅದೇ ಯುಎಎನ್‌ನಲ್ಲಿ ಆ ಕಂಪನಿ ಕಾಣುತ್ತದೆ. ಅದಕ್ಕೆ ಹಾಕು ಅಂತಲೇ ನಾನು ಹೇಳುತ್ತೇನೆ. ತಿಂಗಳು, ವರ್ಷ, ಹುದ್ದೆ, ಅಷ್ಟೇ. ಕಾರಣ ಬರೆಯಬೇಡ. ಕೇಳಿದಾಗ ಬಾಯಲ್ಲಿ ಹೇಳು.

ಏನು ಹೇಳಬೇಕು ಅಂದರೆ ಮೂರು ವಾಕ್ಯ. "ನನ್ನನ್ನು ಗೈರುಹಾಜರಿಗಾಗಿ ತೆಗೆದರು. ಮನೆಯಲ್ಲಿ ಮದುವೆ ಇತ್ತು, ರಜೆ ಮಂಜೂರಾಗದೆ ಹೋದೆ, ಅದು ತಪ್ಪು. ಈಗ ಮನೆಯಲ್ಲಿ ಅಂಥ ಜವಾಬ್ದಾರಿ ಬಾಕಿ ಇಲ್ಲ, ಅದರ ಹಿಂದಿನ ಕಂಪನಿಯ ಹಾಜರಿ ನೀವು ಕೇಳಬಹುದು." ಮೂರನೇ ವಾಕ್ಯ ನಿಜವಾಗಿದ್ದರೆ ಮಾತ್ರ ಹೇಳು. ಆಮೇಲೆ ಬಾಯಿ ಮುಚ್ಚು. ಎದುರಿನವರು ಸುಮ್ಮನಿದ್ದಾಗ ಹುಡುಗರು ಗಾಬರಿಯಾಗಿ ಮ್ಯಾನೇಜರ್ ಹೇಗೆ ಪಕ್ಷಪಾತಿ ಅಂತ ಶುರು ಮಾಡುತ್ತಾರೆ, ಕೆಡುವುದು ಅಲ್ಲೇ.

ಮಚ್ಛೆ_ನೈಟ್‌ಶಿಫ್ಟ್
ಪಕ್ಷಪಾತ ಇದ್ದದ್ದು ನಿಜ. ಇನ್ನೊಬ್ಬನಿಗೆ ಅದೇ ವಾರ ಜಾತ್ರೆಗೆ ರಜೆ ಕೊಟ್ಟಿದ್ದರು. "ಅದು ತಪ್ಪು" ಅಂತ ನಾನು ಯಾಕೆ ಹೇಳಲಿ? ತಂಗಿ ಮದುವೆಗೆ ಹೋಗದಿರಲು ಆಗುತ್ತದಾ?

ಸಾವಿತ್ರಿ_ಬಾಗಲಕೋಟೆ
ಹೋಗಬೇಕಿತ್ತು, ಒಪ್ಪುತ್ತೇನೆ. ಆದರೆ ಕುರ್ಚಿಯಲ್ಲಿ ಕೂತವರಿಗೆ ಮದುವೆ ಕಾಣುವುದಿಲ್ಲ, ಮುಂದಿನ ಮದುವೆಗೆ ಏನು ಮಾಡುತ್ತಾನೆ ಅನ್ನುವುದು ಕಾಣುತ್ತದೆ.

ಮಚ್ಛೆ_ನೈಟ್‌ಶಿಫ್ಟ್
ನಾನು ಆ ಸಾಲು ಹೇಳಲ್ಲ ಅಕ್ಕಾ. "ರಜೆ ಸಿಗಲಿಲ್ಲ, ಹೋದೆ, ತೆಗೆದರು" ಅಂತೀನಿ. ತಗೊಳ್ಳುವವರು ತಗೊಳ್ಳಲಿ.

ಕಾನೂನು_ಕಟ್ಟೆ
ಸರಿ ಹೇಳಿದೆ ತಮ್ಮಾ. ಇನ್ನೊಂದು, ರಿಲೀವಿಂಗ್ ಲೆಟರ್ ಕೊಡದಿದ್ದರೂ ಸರ್ವೀಸ್ ಸರ್ಟಿಫಿಕೇಟ್ ಕೇಳು. 1946ರ ಕಾಯ್ದೆಯ ಮಾದರಿ ಸ್ಥಾಯಿ ಆದೇಶಗಳಲ್ಲಿ ಕಾಯಂ ಕಾರ್ಮಿಕನನ್ನು ವಜಾ ಮಾಡಿದರೂ ಸರ್ಟಿಫಿಕೇಟ್ ಕೊಡಬೇಕು ಅಂತಿತ್ತು. ನೀನು ಪ್ರೊಬೇಷನ್‌ನಲ್ಲಿದ್ದರೆ ಅವರು ಜಗಳ ತೆಗೆಯಬಹುದು, ಆದರೂ ಲಿಖಿತವಾಗಿ ಕೇಳು.

ಶಹಾಪುರ_ಸರಾಫ್_ಗಲ್ಲಿ
ನಾನು ಪ್ಲಾಂಟ್ ಕಡೆಯವನು, ಎಚ್‌ಆರ್ ಅಲ್ಲ. ಇಂಟರ್‌ವ್ಯೂನಲ್ಲಿ ಎದುರು ಕೂರುವವನು. ಸಾವಿತ್ರಿ ಅವರು ಹೇಳಿದ ಉತ್ತರ ಚೆನ್ನಾಗಿದೆ, ಆದರೆ ನಾನು ಅಲ್ಲಿಗೆ ನಿಲ್ಲಿಸುವುದಿಲ್ಲ. ಲೈನ್ ಮುಚ್ಚಿತು ಅಂದ ತಕ್ಷಣ ನನ್ನ ತಲೆಗೆ ಬರುವುದು, ಆ ಲೈನ್‌ನಲ್ಲಿ ಒಟ್ಟು ಎಷ್ಟು ಜನ ಇದ್ದರು? 14 ಜನ ಹೋದರು, ಉಳಿದವರನ್ನು ಬೇರೆ ಲೈನ್‌ಗೆ ಹಾಕಿದರಾ? ಹಾಗಾದರೆ ನಿನ್ನನ್ನು ಯಾಕೆ ಹಾಕಲಿಲ್ಲ? ಒಳ್ಳೆಯವರನ್ನು ಯಾವ ಕಂಪನಿಯೂ ಸುಮ್ನೆ ಬಿಡಲ್ಲ ಅನ್ನುವುದು ನಮ್ಮ ಅಂದಾಜು. ಯಾವಾಗಲೂ ಸರಿ ಇರುವುದಿಲ್ಲ, ಆದರೂ ಅಂದಾಜು ಅದೇ. ಇದಕ್ಕೆ ತಯಾರಿ ಇದೆಯಾ?

ಉದ್ಯಮಬಾಗ್_ಕ್ಯೂಸಿ
ಇದೇ ನನಗೆ ಭಯ ಸರ್. ಲೈನ್‌ನಲ್ಲಿ 19 ಜನ ಇದ್ದೆವು. ಐದು ಜನರನ್ನು ಪಂಪ್ ಲೈನ್‌ಗೆ ಹಾಕಿದರು. ಅವರಲ್ಲಿ ಇಬ್ಬರು ಇನ್‌ಸ್ಪೆಕ್ಟರ್‌ಗಳು. ಒಬ್ಬರು ನನಗಿಂತ ಹಳಬರು. ಇನ್ನೊಬ್ಬನಿಗೆ ಸಿಎಂಎಂ ಅಳತೆ ಮಷಿನ್‌ಗೆ ಪ್ರೋಗ್ರಾಂ ಬರೆಯಲು ಬರುತ್ತದೆ, ಪಂಪ್ ಲೈನ್‌ನಲ್ಲಿ ಅದು ಬೇಕಿತ್ತು. ನಾನು ಏರ್ ಗೇಜ್, ಬೋರ್ ಗೇಜ್, ಹೈಟ್ ಗೇಜ್ ಮೇಲೆ ಇದ್ದವನು. ಸಿಎಂಎಂನಲ್ಲಿ ರೆಡಿ ಪ್ರೋಗ್ರಾಂ ಓಡಿಸಬಲ್ಲೆ, ಹೊಸದು ಬರೆಯಲು ಬರುವುದಿಲ್ಲ.

ಶಹಾಪುರ_ಸರಾಫ್_ಗಲ್ಲಿ
ಉತ್ತರ ನೀನೇ ಬರೆದುಬಿಟ್ಟೆಯಲ್ಲ! ಇದನ್ನೇ ಹೇಳು. "ಇನ್‌ಸ್ಪೆಕ್ಟರ್‌ಗಳಲ್ಲಿ ಇಬ್ಬರನ್ನು ಉಳಿಸಿಕೊಂಡರು. ಒಬ್ಬರು ನನಗಿಂತ ಸೀನಿಯರ್, ಒಬ್ಬರಿಗೆ ಸಿಎಂಎಂ ಪ್ರೋಗ್ರಾಂ ಬರುತ್ತಿತ್ತು." ಇದರಿಂದ ನೀನು ಕಮ್ಮಿ ಆಗಲ್ಲ. ಯಾರನ್ನೂ ಬೈಯದೆ ಯಾಕೆ ಅವನು ಉಳಿದ, ನಾನು ಯಾಕೆ ಹೋದೆ ಅಂತ ಹೇಳುವವನು ನೂರಕ್ಕೆ ಹತ್ತು ಜನ ಸಿಗಲ್ಲ. ಆದರೆ ಮುಂದಿನ ಪ್ರಶ್ನೆ ಖಂಡಿತ ಬರುತ್ತದೆ, "ಈಗ ಸಿಎಂಎಂ ಕಲಿಯುತ್ತಿದ್ದೀಯಾ?" ಹೌದು ಅನ್ನುವುದಾದರೆ ಎಲ್ಲಿ, ಎಷ್ಟು ಅಂತ ಹೇಳಲು ಬರಬೇಕು. ಕಲಿಯುತ್ತಿಲ್ಲ ಅಂದರೆ ಇಲ್ಲ ಅನ್ನು, ಬೋರ್ ಗೇಜ್ ಕೆಲಸದ ಬಗ್ಗೆ ಮಾತಾಡು. ಎಷ್ಟು ಟಾಲರೆನ್ಸ್, ರಿಜೆಕ್ಷನ್ ಎಷ್ಟಿತ್ತು, ಗೇಜ್ ಅನ್ನು ಸೆಟ್ಟಿಂಗ್ ಮಾಸ್ಟರ್‌ಗೆ ಹಾಕಿ ದಿನಕ್ಕೆ ಎಷ್ಟು ಸಲ ನೋಡುತ್ತಿದ್ದೆ, ಅಂಥದ್ದು.

ಸಾವಿತ್ರಿ_ಬಾಗಲಕೋಟೆ
ಇದಕ್ಕೆ ನನ್ನದೊಂದು ಸೇರಿಸುತ್ತೇನೆ. ತಮ್ಮಾ, ಪುಣೆಗೂ ಹಾಕಿದ್ದೀಯ ಅಂದೆ. ಭಾಷೆ ಬದಲಾದಾಗ ಉತ್ತರ ಬದಲಾಗುವುದನ್ನು ನಾನು ತುಂಬಾ ನೋಡಿದ್ದೇನೆ. ಹುಬ್ಬಳ್ಳಿಯಲ್ಲಿ ಕನ್ನಡದಲ್ಲಿ "ಲೈನ್ ಬಂದ್ ಆಯಿತು" ಅಂದವನು ಇಲ್ಲಿ ಹಿಂದಿಯಲ್ಲಿ "ನೌಕರಿ ಛೋಡ್ ದಿಯಾ" ಅಂದುಬಿಡುತ್ತಾನೆ, ಬಾಯಿಗೆ ಅದು ಸಲೀಸು. ನನ್ನ ಹತ್ತಿರ ಒಂದು, ಪ್ಲಾಂಟ್ ಹೆಡ್ ಹತ್ತಿರ ಇನ್ನೊಂದು. ಸಂಜೆ ನಾವಿಬ್ಬರೂ ಶೀಟ್ ತಾಳೆ ಹಾಕುತ್ತೇವೆ. ಅದಕ್ಕೆ ಆ ಎರಡು ವಾಕ್ಯವನ್ನು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಜೋರಾಗಿ ಹೇಳಿ ನೋಡು. ಬಾಯಿಪಾಠ ಬೇಡ. 14 ಜನ, ಲೈನ್, ರಾಜೀನಾಮೆ, ಅಕ್ಟೋಬರ್, ಈ ನಾಲ್ಕು ಎಲ್ಲ ಕಡೆ ಒಂದೇ ಇದ್ದರೆ ಸಾಕು.

ಸೂಪರ್‌ವೈಸರ್‌ಗೆ ಇವತ್ತೇ ಫೋನ್ ಮಾಡು. ಸುಳ್ಳು ಹೇಳಿ ಅಂತಲ್ಲ. "ಸರ್, ನಿಮ್ಮ ನಂಬರ್ ಕೊಡುತ್ತಿದ್ದೇನೆ, ಲೈನ್ ಮುಚ್ಚಿದ್ದು ಅಂತ ಹೇಳಿದ್ದೇನೆ" ಅಂತ ತಿಳಿಸು. ಗೊತ್ತಿಲ್ಲದೆ ಫೋನ್ ಬಂದರೆ ಮನುಷ್ಯ ತಡವರಿಸುತ್ತಾನೆ, ಆ ತಡವರಿಕೆಯನ್ನೂ ನಾವು ಬರೆದುಕೊಳ್ಳುತ್ತೇವೆ.

ಖಾನಾಪುರ_ರೋಡ್
ಬೆಳಗಾವಿ ಒಳಗೇ ಹುಡುಕಿದರೆ ಫೋನ್ ಕೂಡ ಬೇಡ ಮೇಡಂ. ಪ್ಲೇಟಿಂಗ್ ಅಂಗಡಿಯವನು, ಗೇಜ್ ಕ್ಯಾಲಿಬ್ರೇಷನ್ ಮಾಡುವವನು ಎರಡೂ ಕಂಪನಿಗೆ ಹೋಗುತ್ತಾನೆ. ನಮ್ಮ ಎಚ್‌ಆರ್‌ಗಿಂತ ಮೊದಲು ಚಹಾ ಗಾಡಿಯವನಿಗೆ ಗೊತ್ತಿರುತ್ತದೆ ಯಾರನ್ನು ಯಾಕೆ ತೆಗೆದರು ಅಂತ. ಹೀಗೆ ನೋಡಿದರೆ ನಿಜ ಹೇಳುವುದೇ ಮೇಲು ಅನ್ನಿಸುತ್ತಿದೆ. ಆದರೆ ಎಂಎನ್‌ಸಿ ಆದರೆ ನಾನು ಲೆಟರ್‌ನಲ್ಲಿ ಇದ್ದಷ್ಟೇ ಹೇಳುತ್ತೇನೆ. ಅವರಿಗೆ ಕಾಗದ ಬೇಕು, ಕಥೆ ಬೇಡ.

ಶಿಕ್ಷಕಿ_ಇಂಡಿ
ನಾನು ಖಾಸಗಿ ಶಾಲೆಯಲ್ಲಿ ಇದ್ದೆ, ಮಾರ್ಚ್‌ಗೆ ಕಾಂಟ್ರ್ಯಾಕ್ಟ್ ಮುಗಿಯಿತು, ಮುಂದುವರಿಸಲಿಲ್ಲ. ಇದು ತೆಗೆದದ್ದಾ, ಬಿಟ್ಟದ್ದಾ?

ಸಾವಿತ್ರಿ_ಬಾಗಲಕೋಟೆ
ಎರಡೂ ಅಲ್ಲ ರೀ ಮೇಡಂ, ಅವಧಿ ಮುಗಿದದ್ದು. ಹಾಗೇ ಬರೆಯಿರಿ. "ಯಾಕೆ ಮುಂದುವರಿಸಲಿಲ್ಲ" ಅಂತ ಕೇಳುತ್ತಾರೆ, ಅದಕ್ಕೆ ಒಂದು ಉತ್ತರ ಇಟ್ಟುಕೊಳ್ಳಿ. ಮಕ್ಕಳ ಸಂಖ್ಯೆ ಇಳಿಯಿತಾ, ಸೆಕ್ಷನ್ ಕಮ್ಮಿ ಮಾಡಿದರಾ?

ಶಿಕ್ಷಕಿ_ಇಂಡಿ
ಸೆಕ್ಷನ್ ಕಮ್ಮಿ ಮಾಡಿದರು. ಹಾಗೂ ನಾನು ಪಗಾರ ಜಾಸ್ತಿ ಕೇಳಿದ್ದೆ 🙂

ಗೋಕಾಕ_ಕರದಂಟು
ಎರಡನೇದು ಬಾಯಿ ಬಿಡಬೇಡಿ!

ಉದ್ಯಮಬಾಗ್_ಕ್ಯೂಸಿ
ಹುಬ್ಬಳ್ಳಿಗೆ ಹೋಗಿ ಬಂದೆ. ಫಾರ್ಮ್‌ನಲ್ಲಿ "ರಾಜೀನಾಮೆ ಕೊಡಲು ಹೇಳಿದ್ದಾರೆಯೇ" ಅನ್ನುವುದು ಇತ್ತು, ಹೌದು ಅಂತ ಹಾಕಿ ಪಕ್ಕದಲ್ಲಿ ಬರೆದೆ. ಎಚ್‌ಆರ್ ಅದನ್ನು ಓದಿ, "14 ಜನರಲ್ಲಿ ಇನ್ನೂ ಯಾರಾದರೂ ನಮ್ಮಲ್ಲಿ ಹಾಕಿದ್ದಾರಾ?" ಅಂತ ಕೇಳಿದರು. ಇದನ್ನು ನೀವ್ಯಾರೂ ಹೇಳಿರಲಿಲ್ಲ. ಒಬ್ಬ ಹಾಕಿದ್ದಾನೆ, ನನ್ನ ಶಿಫ್ಟ್‌ನವನೇ. ಹೌದು ಅಂದೆ. ಈಗ ಚಿಂತೆ ಏನಂದರೆ, ಅವನು ರೆಸ್ಯೂಮ್‌ನಲ್ಲಿ "ಇಲ್ಲಿಯವರೆಗೆ" ಅಂತ ಹಾಕಿದ್ದಾನೆ. ಅವನ ಇಂಟರ್‌ವ್ಯೂ ಸೋಮವಾರ.

ಸಾವಿತ್ರಿ_ಬಾಗಲಕೋಟೆ
ಅವನಿಗೆ ಈಗಲೇ ಫೋನ್ ಮಾಡು. ಸೋಮವಾರದ ಒಳಗೆ ತಿದ್ದಿದ ರೆಸ್ಯೂಮ್ ಅದೇ ಮೇಲ್‌ಗೆ ಕಳಿಸಲಿ, "ಅಪ್‌ಡೇಟ್ ಮಾಡಿದ ಪ್ರತಿ, ಅಕ್ಟೋಬರ್ 2025ಕ್ಕೆ ಕೆಲಸ ಮುಗಿದಿದೆ" ಅಂತ ಒಂದು ಸಾಲು ಬರೆದು. ಇಂಟರ್‌ವ್ಯೂಗೆ ಮೊದಲು ತಿದ್ದಿದರೆ ಹಳೇ ಪ್ರತಿ ಇರಬೇಕು ಅಂದುಕೊಳ್ಳುತ್ತಾರೆ.

ಮಚ್ಛೆ_ನೈಟ್‌ಶಿಫ್ಟ್
ಸಿಎಂಎಂ ಕೇಳಿದರಾ?

ಉದ್ಯಮಬಾಗ್_ಕ್ಯೂಸಿ
ಕೇಳಿದರು. ಬರೆಯಲು ಬರಲ್ಲ ಅಂದೆ. ಬೋರ್ ಗೇಜ್ ಕೈಗೆ ಕೊಟ್ಟು ಒಂದು ಪೀಸ್ ಅಳೆಯಲು ಹೇಳಿದರು. ಗೇಜ್ ಸರಿ ಮಾಡಿಕೊಳ್ಳಲು ಮೊದಲು ಸೆಟ್ಟಿಂಗ್ ರಿಂಗ್ ಕೇಳಿದೆ, ಪ್ಲಾಂಟ್‌ನವರು ನಕ್ಕರು. ಸೂಪರ್‌ವೈಸರ್ ನಂಬರ್ ತಗೊಂಡಿದ್ದಾರೆ. ಇನ್ನೂ ಫೋನ್ ಬಂದಿಲ್ಲ ಅಂತಾರೆ ಅವರು.